ಕೌಂಟರ್ ಆಫರ್ ಬಂದಿದೆ ಅಂತ ರಿಕ್ರೂಟರ್‌ಗೆ ಹೇಗೆ ಹೇಳಲಿ?

ಪ್ರಶ್ನೆ: ಹೊಸ ಕಂಪನಿಯ ಆಫರ್‌ಗೆ ಮೇಲ್‌ನಲ್ಲಿ ಒಪ್ಪಿಗೆ ಕೊಟ್ಟು, ಈಗಿನ ಕಡೆ ರಾಜೀನಾಮೆ ಕೊಟ್ಟೆ. ಎರಡು ದಿನ ಬಿಟ್ಟು ಮ್ಯಾನೇಜರ್ ಕರೆದು, ‘ಸಂಬಳ ಜಾಸ್ತಿ ಮಾಡ್ತೀವಿ, ಹೋಗಬೇಡಿ’ ಅಂದರು. ನಿಜವಾಗಲೂ ಗೊಂದಲ ಆಗಿದೆ. ಈ ಕೆಲಸ ಕೊಡಿಸಿದ್ದು ಏಜೆನ್ಸಿಯ ರಿಕ್ರೂಟರ್ ಒಬ್ಬರು. ದಿನಾ ಮೆಸೇಜ್ ಮಾಡಿ ‘ಎಲ್ಲ ಸರಿ ಇದೆಯಾ’ ಅಂತ ಕೇಳ್ತಾರೆ. ನಾನು ‘ಹೂಂ’ ಅಂತಿದ್ದೀನಿ. ಅವರಿಗೆ ಹೇಳಬೇಕಾ? ಹೇಳಿದರೆ ಆಫರ್ ವಾಪಸ್ ತಗೋತಾರಾ? ಹೇಗೆ ತೀರ್ಮಾನ ಮಾಡ್ತೀನಿ ಅಂತ ಅವರಿಗೆ ಏನಂತ ವಿವರಿಸಲಿ?

ಉತ್ತರ: ಹೇಳಿ. ಸಾಧ್ಯವಾದರೆ ಇವತ್ತೇ ಹೇಳಿ. ಆದರೆ ಫೋನ್ ಎತ್ತುವ ಮೊದಲು ಒಂದು ಗಂಟೆ ಕೂತು ಮಾಡುವ ಕೆಲಸ ಇದೆ. ಅದನ್ನು ಬಿಟ್ಟು ಕರೆ ಮಾಡಿದರೆ ನೀವು ಹೇಳುವುದು ಬರೀ ಗೊಂದಲವಾಗಿ ಕೇಳುತ್ತದೆ.

ಮೊದಲು ಆ ದಿನನಿತ್ಯದ ಮೆಸೇಜ್ ಬಗ್ಗೆ. ನಾನು ಹಲವು ವರ್ಷ ಏಜೆನ್ಸಿಯಲ್ಲಿ ರಿಕ್ರೂಟರ್ ಆಗಿದ್ದೆ, ಆಮೇಲೆ ಒಂದು ಕಂಪನಿಯ ಒಳಗೇ ಆ ಕೆಲಸ ಮಾಡಿದೆ. ಅಭ್ಯರ್ಥಿ ರಾಜೀನಾಮೆ ಕೊಟ್ಟ ದಿನದಿಂದ ಕೆಲಸಕ್ಕೆ ಸೇರುವ ದಿನದವರೆಗೆ ರಿಕ್ರೂಟರ್‌ಗೆ ನೆಮ್ಮದಿ ಇರುವುದಿಲ್ಲ. ಏಜೆನ್ಸಿಗಳಲ್ಲಿ ಸಾಮಾನ್ಯವಾಗಿ ಅಭ್ಯರ್ಥಿ ಸೇರಿದ ಮೇಲೆ ಮಾತ್ರ ಫೀ ಬರುತ್ತದೆ. ಅದೂ ಅಷ್ಟಕ್ಕೇ ಮುಗಿಯುವುದಿಲ್ಲ. ಸೇರಿದವರು ಕೆಲವು ತಿಂಗಳೊಳಗೆ ಬಿಟ್ಟರೆ ಏಜೆನ್ಸಿಯೇ ಇನ್ನೊಬ್ಬರನ್ನು ಹುಡುಕಿ ಕೊಡಬೇಕು, ಇಲ್ಲವೇ ಫೀಯಲ್ಲಿ ಒಂದು ಭಾಗ ವಾಪಸ್ ಕೊಡಬೇಕು ಅನ್ನುವ ಷರತ್ತು ಬಹಳ ಒಪ್ಪಂದಗಳಲ್ಲಿ ಇರುತ್ತದೆ. ಹಾಗಾಗಿ ‘ಎಲ್ಲ ಸರಿ ಇದೆಯಾ’ ಅನ್ನುವ ಪ್ರಶ್ನೆಯ ನಿಜವಾದ ಅರ್ಥ ‘ಕೌಂಟರ್ ಆಫರ್ ಬಂತಾ’ ಅಂತಲೇ. ಅವರು ಇದನ್ನು ನಿರೀಕ್ಷಿಸಿಯೇ ಇರುತ್ತಾರೆ. ನೀವು ಹೇಳುವ ಸುದ್ದಿ ಅವರಿಗೆ ಸಿಡಿಲಲ್ಲ. ಸಿಡಿಲಾಗುವುದು ಮೂರು ವಾರ ‘ಹೂಂ’ ಅಂದು ಕೊನೆಯ ದಿನ ‘ಇಲ್ಲ’ ಅಂದಾಗ.

ನನಗೆ ಹಾಗೆ ಒಮ್ಮೆ ಆಗಿದೆ. ಒಬ್ಬರು ನೋಟಿಸ್ ಅವಧಿ ಪೂರ್ತಿ ಎಲ್ಲ ಸರಿ ಇದೆ ಅನ್ನುತ್ತಾ ಬಂದರು. ಸೇರುವ ಹಿಂದಿನ ಸಂಜೆ ಒಂದು ಸಾಲಿನ ಮೆಸೇಜ್ ಬಂತು, ‘ಇಲ್ಲೇ ಇರಲು ತೀರ್ಮಾನಿಸಿದ್ದೇನೆ’ ಅಂತ. ಅವರು ಅಲ್ಲೇ ಇದ್ದುದಕ್ಕೆ ನನಗೆ ಬೇಜಾರಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಅಭ್ಯರ್ಥಿ ಎರಡು ವಾರದ ಹಿಂದಷ್ಟೇ ಬೇರೆ ಕಡೆ ಒಪ್ಪಿಕೊಂಡಿದ್ದರು. ಮೊದಲೇ ಗೊತ್ತಿದ್ದರೆ ಅವರಿಗೆ ಆ ಕೆಲಸ ಸಿಗುತ್ತಿತ್ತು. ಆ ಹೊಸ ತಂಡ ಮತ್ತೆ ಮೊದಲಿಂದ ಹುಡುಕಬೇಕಾಯಿತು. ನೀವು ಸುಮ್ಮನಿದ್ದರೆ ಅದರ ಹೊರೆ ಹೀಗೆ ನಿಮಗೆ ಕಾಣದ ಜಾಗದಲ್ಲಿ ಬೀಳುತ್ತದೆ.

ಆಫರ್ ವಾಪಸ್ ತೆಗೆದುಕೊಳ್ಳುತ್ತಾರಾ ಅನ್ನುವ ಭಯಕ್ಕೆ ನೇರ ಉತ್ತರ: ತೆಗೆದುಕೊಳ್ಳಬಹುದು. ಆದರೆ ‘ಕೌಂಟರ್ ಆಫರ್ ಬಂದಿದೆ, ಶುಕ್ರವಾರದೊಳಗೆ ಹೇಳುತ್ತೇನೆ’ ಅಂದಿದ್ದಕ್ಕೇ ವಾಪಸ್ ತೆಗೆದುಕೊಂಡಿದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಅವರೂ ವಾರಗಟ್ಟಲೆ ಸಂದರ್ಶನ ಮಾಡಿ ನಿಮ್ಮನ್ನು ಆರಿಸಿದ್ದಾರೆ. ಎರಡು ದಿನದ ಅನುಮಾನಕ್ಕೆ ಅದನ್ನೆಲ್ಲ ಬಿಸಾಡಲು ಅವರಿಗೂ ಇಷ್ಟವಿರುವುದಿಲ್ಲ. ಕೆಲಸ ಕೆಡುವುದು ಬೇರೆ ಮೂರು ಸಂದರ್ಭದಲ್ಲಿ. ಒಪ್ಪಿಕೊಂಡ ಮೇಲೆ ಕೌಂಟರ್ ಆಫರ್ ತೋರಿಸಿ ಇನ್ನಷ್ಟು ಕೊಡಿ ಅಂದಾಗ. ತೀರ್ಮಾನದ ದಿನವನ್ನು ಎರಡು ಮೂರು ಸಲ ಮುಂದೂಡಿದಾಗ. ನೀವು ಹೇಳುವ ಮೊದಲೇ ಬೇರೆಯವರಿಂದ ಅವರಿಗೆ ಸುದ್ದಿ ಮುಟ್ಟಿದಾಗ. ಒಂದೇ ಉದ್ಯಮದವರ ನಡುವೆ ಕೊನೆಯದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಆಗುತ್ತದೆ.

ಇಲ್ಲಿ ನಿಮ್ಮ ಸ್ಥಿತಿಯನ್ನು ಸ್ವಲ್ಪ ಗಮನಿಸಿ. ನೀವಿನ್ನೂ ಆಫರ್ ಒಪ್ಪಿಕೊಂಡಿರದಿದ್ದರೆ ಇದು ಸರಳ ವಿಷಯ, ಎರಡು ಆಯ್ಕೆಗಳಿವೆ, ಯೋಚಿಸುತ್ತಿದ್ದೇನೆ ಅಂದರೆ ಸಾಕಿತ್ತು. ನೀವು ಒಪ್ಪಿಗೆ ಕೊಟ್ಟಾಗಿದೆ. ಅಂದರೆ ಕೊಟ್ಟ ಮಾತನ್ನು ಮತ್ತೆ ನೋಡುತ್ತಿದ್ದೇನೆ ಅಂತ ಹೇಳಲು ಹೊರಟಿದ್ದೀರಿ. ಅದನ್ನು ಮರೆಮಾಚದೆ ಒಪ್ಪಿಕೊಳ್ಳಬೇಕು. ಜೊತೆಗೆ ಒಪ್ಪಿದ ಪತ್ರವನ್ನು ಇನ್ನೊಮ್ಮೆ ಓದಿ. ಸೇರದೇ ಇದ್ದರೆ ಏನು ಅಂತ ಏನಾದರೂ ಬರೆದಿದೆಯಾ ನೋಡಿ. ಹಿಂದೆ ಸರಿದರೆ ಏನಾಗುತ್ತದೆ ಅನ್ನುವುದು ಆ ಪತ್ರದ ಷರತ್ತು ಮತ್ತು ನೀವಿರುವ ಕಡೆಯ ಕಾನೂನಿನ ಮೇಲೆ ನಿಂತಿದೆ. ಷರತ್ತು ಗಟ್ಟಿಯಾಗಿ ಕಂಡರೆ ತಿಳಿದವರನ್ನು ಕೇಳಿ ಮುಂದುವರಿಯಿರಿ.

ಈಗ ಆ ಒಂದು ಗಂಟೆಯ ಕೆಲಸಕ್ಕೆ ಬರೋಣ. ನಿಮ್ಮ ಮ್ಯಾನೇಜರ್ ಹೇಳಿದ್ದು ಇನ್ನೂ ಬಾಯಿಮಾತು. ಬಾಯಿಮಾತಿಗೂ ಕೌಂಟರ್ ಆಫರ್‌ಗೂ ಬಹಳ ವ್ಯತ್ಯಾಸ ಇದೆ. ಎಷ್ಟೋ ಸಲ ಮ್ಯಾನೇಜರ್ ಗಾಬರಿಯಲ್ಲಿ ಇರಿ ಅಂದಿರುತ್ತಾರೆ, ಆ ಮೊತ್ತಕ್ಕೆ ಎಚ್‌ಆರ್ ಆಗಲಿ ಹಣಕಾಸಿನವರಾಗಲಿ ಒಪ್ಪಿರುವುದೇ ಇಲ್ಲ. ಆದ್ದರಿಂದ ಅವರಿಗೆ ಒಂದು ಚಿಕ್ಕ ಮೇಲ್ ಕಳಿಸಿ: ‘ನೀವು ಹೇಳಿದ್ದನ್ನು ಗಂಭೀರವಾಗಿ ಯೋಚಿಸುತ್ತಿದ್ದೇನೆ. ನಿಗದಿತ ಸಂಬಳ ಎಷ್ಟು, ಯಾವ ತಿಂಗಳಿಂದ, ಬೇರೆ ಯಾವ ಬದಲಾವಣೆ ಅಂತ ನಾಳೆಯೊಳಗೆ ಬರಹದಲ್ಲಿ ತಿಳಿಸಿದರೆ ಅನುಕೂಲ.’ ಈ ಮೇಲ್‌ಗೆ ಬರುವ ಉತ್ತರವೇ ಅರ್ಧ ವಿಷಯ ಹೇಳಿಬಿಡುತ್ತದೆ. ‘ಮುಂದಿನ ವಿಮರ್ಶೆಯಲ್ಲಿ ನೋಡೋಣ’ ಅಂತ ಬಂದರೆ ಅಲ್ಲಿ ಕೌಂಟರ್ ಆಫರ್ ಇಲ್ಲ, ಇರುವುದು ಕೋರಿಕೆ ಮಾತ್ರ.

ಆದರೆ ಆ ಬರಹ ಬರುವ ತನಕ ರಿಕ್ರೂಟರ್‌ಗೆ ಹೇಳುವುದನ್ನು ತಡೆಹಿಡಿಯಬೇಡಿ. ಬಾಯಿಮಾತಾಗಿ ಬಂದಿದೆ, ಬರಹ ಕೇಳಿದ್ದೇನೆ ಅಂತಲೇ ಹೇಳಬಹುದು. ಅದು ನಿಜ, ಅಲ್ವಾ?

ಹೇಗೆ ತೀರ್ಮಾನಿಸುತ್ತೀರಿ ಅಂತ ವಿವರಿಸಬೇಕಾದರೆ ಮೊದಲು ಅದು ನಿಮಗೇ ಗೊತ್ತಿರಬೇಕು. ಇದಕ್ಕೆ ನಾನು ಕಂಡ ಒಂದು ಪ್ರಸಂಗವನ್ನು ವಿವರವಾಗಿ ಹೇಳುತ್ತೇನೆ. ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ಹುದ್ದೆಯಲ್ಲಿದ್ದ ಒಬ್ಬ ಮಹಿಳೆ. ನಿಮ್ಮ ಹಾಗೇ ಒಪ್ಪಿಗೆ ಕೊಟ್ಟು, ರಾಜೀನಾಮೆ ಕೊಟ್ಟು, ಮೂರನೇ ದಿನ ಕೌಂಟರ್ ಆಫರ್ ಪಡೆದವರು. ಅವರ ಆಗಿನ ಸಂಬಳವನ್ನು 100 ಅಂತ ಇಟ್ಟುಕೊಳ್ಳಿ. ಹೊಸ ಕಂಪನಿ 130 ಅಂದಿತ್ತು. ಹಳೆಯ ಕಂಪನಿ 125 ಅಂತು. ಮೇಲ್ನೋಟಕ್ಕೆ ವ್ಯತ್ಯಾಸ 5.

ಬಿಡಿಸಿ ನೋಡಿದಾಗ ಲೆಕ್ಕ ಬೇರೆಯಾಯಿತು. ಹೊಸ ಕಂಪನಿಯ 130ರಲ್ಲಿ 118 ನಿಗದಿತ ಸಂಬಳ. ಉಳಿದ 12 ವರ್ಷದ ಕೊನೆಯಲ್ಲಿ ಕಂಪನಿಯ ಸಾಧನೆ ನೋಡಿ ಕೊಡುವ ಬೋನಸ್. ಹಳೆಯ ಕಂಪನಿಯ 125ರಲ್ಲಿ 115 ನಿಗದಿತ. ಉಳಿದ 10 ಉಳಿದುಕೊಂಡಿದ್ದಕ್ಕೆ ಕೊಡುವ ಬೋನಸ್, ಒಂದೇ ಸಲ. ಅದಕ್ಕೊಂದು ಷರತ್ತೂ ಇತ್ತು: 12 ತಿಂಗಳೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು. ಅಂದರೆ ಎರಡನೇ ವರ್ಷ ಹಳೆಯ ಕಡೆ 115, ಹೊಸ ಕಡೆ 118 ಮತ್ತು ಬಂದರೆ ಬೋನಸ್. ಕೈಗೆ ಖಂಡಿತ ಬರುವ ಹಣದಲ್ಲಿ ಇದ್ದ ವ್ಯತ್ಯಾಸ ಬರೀ 3.

ಈ ಲೆಕ್ಕ ಮಾಡಿದ ಮೇಲೆ ಅವರಿಗೆ ಒಂದು ವಿಷಯ ಖಚಿತವಾಯಿತು. ಹಣ ಇಲ್ಲಿ ತೀರ್ಮಾನ ಮಾಡುವುದಿಲ್ಲ. ಯಾವ ಕಡೆ ಹೋದರೂ ಹಣದಲ್ಲಿ ದೊಡ್ಡ ನಷ್ಟ ಇಲ್ಲ, ದೊಡ್ಡ ಲಾಭವೂ ಇಲ್ಲ. ಹಾಗಾದರೆ ಏನು ತೀರ್ಮಾನ ಮಾಡುತ್ತದೆ?

ಅವರು ಬೇರೆ ಕೆಲಸ ಹುಡುಕಲು ಶುರು ಮಾಡಿದ್ದು ಯಾಕೆ ಅಂತ ಹಿಂದಕ್ಕೆ ಹೋಗಿ ನೋಡಿದರು. ನನಗೆ ಕಳಿಸಿದ್ದ ಮೊದಲ ಮೇಲ್‌ನಲ್ಲಿ ಅದನ್ನು ಬರೆದಿದ್ದರು. ತಂಡದಲ್ಲಿ ಇಬ್ಬರು ಬಿಟ್ಟು ಹೋಗಿ ಎಂಟು ತಿಂಗಳಾಗಿತ್ತು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಕೆಲಸ ಪೂರ್ತಿ ಇವರ ತಲೆ ಮೇಲೆ. ಪ್ರತಿ ತಿಂಗಳೂ ನಾಲ್ಕೈದು ರಾತ್ರಿ ಕಚೇರಿಯಲ್ಲೇ. ಸಂಬಳದ ಬಗ್ಗೆ ಆ ಮೇಲ್‌ನಲ್ಲಿ ಒಂದೇ ಸಾಲಿತ್ತು, ಅದೂ ಕೊನೆಯಲ್ಲಿ.

ನೀವೂ ಹಾಗೇ ಮಾಡಿ. ಈ ಏಜೆನ್ಸಿಯವರಿಗೆ ನೀವು ಕಳಿಸಿದ ಮೊದಲ ಮೇಲ್ ಅಥವಾ ಮೊದಲ ಮೆಸೇಜ್ ಹುಡುಕಿ ತೆಗೆಯಿರಿ. ಅದು ಸಿಗದಿದ್ದರೆ, ಕೆಲಸ ಬಿಡಬೇಕು ಅಂತ ಆಗ ಯಾರಿಗೆ ಹೇಳಿಕೊಂಡಿದ್ದಿರೋ ಅವರನ್ನು ಕೇಳಿ. ಇವತ್ತು ಕೂತು ಹೊಸದಾಗಿ ಕಾರಣ ಬರೆದರೆ ಮ್ಯಾನೇಜರ್ ಹೇಳಿದ ಒಳ್ಳೆಯ ಮಾತುಗಳೇ ಅದರಲ್ಲಿ ತುಂಬಿಕೊಳ್ಳುತ್ತವೆ. ಆಗ ಬರೆದದ್ದಕ್ಕೆ ಆ ತೊಂದರೆ ಇಲ್ಲ.

ಆ ಮಹಿಳೆಯ ಮ್ಯಾನೇಜರ್ ‘ಇನ್ನಿಬ್ಬರನ್ನು ತೆಗೆದುಕೊಳ್ಳುತ್ತೇವೆ’ ಅಂತಲೂ ಹೇಳಿದ್ದರು. ಸಂಬಳ ಬರಹದಲ್ಲಿ ಬಂದಿತ್ತು. ಇದು ಮಾತ್ರ ಬಂದಿರಲಿಲ್ಲ. ಅವರು ನಿಜವಾಗಿ ಬಿಡಲು ಹೊರಟ ಕಾರಣ ಇದೇ ತಾನೇ? ಆಗ ಅವರು ನನಗೆ ಫೋನ್ ಮಾಡಿದರು. ಹೇಳಿದ್ದು ಸುಮಾರು ಹೀಗೆ:

‘ನಾನು ನಿಮಗೆ ಒಪ್ಪಿಗೆ ಕೊಟ್ಟಿದ್ದೇನೆ, ಅದು ನೆನಪಿದೆ. ಆದರೂ ಈ ವಿಷಯ ಮುಚ್ಚಿಡಲು ಮನಸ್ಸಿಲ್ಲ. ಇಲ್ಲಿ ನಿನ್ನೆ ಕೌಂಟರ್ ಆಫರ್ ಕೊಟ್ಟರು. ಹಣ ಹತ್ತಿರ ಹತ್ತಿರ ಒಂದೇ ಇದೆ, ಅದರ ಮೇಲೆ ನಾನು ತೀರ್ಮಾನ ಮಾಡುವುದಿಲ್ಲ. ನಾನು ಹೊರಟಿದ್ದು ತಂಡದಲ್ಲಿ ಜನ ಇಲ್ಲ ಅಂತ. ಆ ಎರಡು ಹುದ್ದೆಗೆ ಮಂಜೂರಾತಿ ಸಿಕ್ಕಿದೆಯಾ ಅಂತ ಇಲ್ಲಿ ಕೇಳಿದ್ದೇನೆ. ಸಿಕ್ಕಿಲ್ಲ ಅಂದರೆ ಹೇಳಿದ ದಿನ ಬಂದು ಸೇರುತ್ತೇನೆ. ಸಿಕ್ಕಿದ್ದರೆ ಇಲ್ಲೇ ಇರುವ ಸಾಧ್ಯತೆ ಇದೆ. ಶುಕ್ರವಾರ ಮಧ್ಯಾಹ್ನದೊಳಗೆ ನಾನೇ ಫೋನ್ ಮಾಡುತ್ತೇನೆ. ನಿಮ್ಮನ್ನು ಹೆಚ್ಚು ಹಣ ಕೇಳುತ್ತಿಲ್ಲ.’

ನಾನು ಇದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ, ಯಾಕೆಂದರೆ ಈ ಕೆಲವು ಸಾಲಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಏನಾಗಿದೆ ಅಂತ ಗೊತ್ತಾಯಿತು. ಯಾವ ಒಂದು ವಿಷಯದ ಮೇಲೆ ತೀರ್ಮಾನ ನಿಂತಿದೆ ಅಂತ ಗೊತ್ತಾಯಿತು. ಯಾವಾಗ ಉತ್ತರ ಬರುತ್ತದೆ ಅಂತ ಗೊತ್ತಾಯಿತು. ಹೊಸ ಕಂಪನಿಯ ತಂಡದ ಮ್ಯಾನೇಜರ್‌ಗೆ ನಾನು ಅದನ್ನೇ ಹೇಳಿದೆ. ಅವರು ಎರಡನೇ ಅಭ್ಯರ್ಥಿಗೆ ‘ಇಲ್ಲ’ ಅಂತ ಬರೆಯಲು ಸಿದ್ಧವಾಗಿದ್ದ ಮೇಲ್ ಅನ್ನು ಎರಡು ದಿನ ತಡೆದರು. ಯಾರೂ ಸಿಟ್ಟಾಗಲಿಲ್ಲ.

‘ಹೆಚ್ಚು ಹಣ ಕೇಳುತ್ತಿಲ್ಲ’ ಅನ್ನುವ ಮಾತನ್ನು ಗಮನಿಸಿ. ಕೌಂಟರ್ ಆಫರ್ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ರಿಕ್ರೂಟರ್ ತಲೆಯಲ್ಲಿ ಬರುವ ಮೊದಲ ಯೋಚನೆ, ಇವರು ಹರಾಜು ಶುರು ಮಾಡುತ್ತಿದ್ದಾರೆ ಅಂತ. ನಿಮಗೆ ಆ ಉದ್ದೇಶ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿ, ಅವರು ಊಹಿಸುವ ಹಾಗೆ ಬಿಡಬೇಡಿ. ಇದೇ ಕಾರಣಕ್ಕೆ ಕೌಂಟರ್ ಆಫರ್‌ನ ಮೊತ್ತವನ್ನು ನೀವಾಗಿ ಹೇಳಬೇಕಾಗಿಲ್ಲ. ಅವರು ಕೇಳಿದರೆ, ‘ಹತ್ತಿರ ಹತ್ತಿರ ಇದೆ, ಹಣದ ಮೇಲೆ ತೀರ್ಮಾನ ಮಾಡುತ್ತಿಲ್ಲ’ ಅಂದರೆ ಸಾಕು. ಸುಳ್ಳು ಮೊತ್ತ ಮಾತ್ರ ಹೇಳಬೇಡಿ. ಪತ್ರ ತೋರಿಸಿ ಅಂತ ಕೇಳುವವರಿದ್ದಾರೆ. ಆಗ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ಹಣವೇ ನಿಜವಾದ ವಿಷಯವಾಗಿದ್ದರೆ? ಅದೂ ಇರಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಗ ಒಂದೇ ಸಲ, ಒಂದೇ ಮೊತ್ತ ಹೇಳಿ. ‘ನಿಗದಿತ ಸಂಬಳ ಇಷ್ಟಾದರೆ ನಾನು ಇವತ್ತೇ ಇಲ್ಲಿನ ಕೌಂಟರ್ ಆಫರ್ ಬೇಡ ಅಂತ ಬರೆದು ಕೊಡುತ್ತೇನೆ. ಆಗದಿದ್ದರೂ ಅರ್ಥವಾಗುತ್ತದೆ.’ ಇಷ್ಟು ಹೇಳಿದ ಮೇಲೆ ಅವರು ಆ ಮೊತ್ತ ಕೊಟ್ಟರೆ ನೀವು ಹೋಗಲೇಬೇಕು. ಅದನ್ನು ಹಳೆಯ ಕಂಪನಿಗೆ ತೋರಿಸಿ ಮತ್ತೆ ಜಾಸ್ತಿ ಕೇಳಿದರೆ ಎರಡೂ ಕಡೆ ಬಾಗಿಲು ಮುಚ್ಚುವುದನ್ನು ನೋಡಿದ್ದೇನೆ. ಇನ್ನೊಂದು ವಿಷಯ, ಒಪ್ಪಿಗೆ ಕೊಟ್ಟ ಮೇಲೆ ಕೇಳುತ್ತಿರುವುದರಿಂದ ಇಲ್ಲ ಅನ್ನುವ ಸಾಧ್ಯತೆಯೇ ಹೆಚ್ಚು. ಹೋದರೆ ಹೋಗಲಿ ಅನ್ನುವ ಧೈರ್ಯ ಇದ್ದರೆ ಮಾತ್ರ ಕೇಳಿ.

ಈಗ ನೀವು ಮಾಡಬೇಕಾದ ಕರೆ. ಕರೆಯನ್ನೇ ಮಾಡಿ, ಮೆಸೇಜ್ ಸಾಲದು. ಮೆಸೇಜ್‌ನಲ್ಲಿ ನಿಮ್ಮ ದನಿ ಕೇಳಿಸುವುದಿಲ್ಲ, ಓದಿದವರು ಕೆಟ್ಟ ಅರ್ಥವನ್ನೇ ಮೊದಲು ಮಾಡಿಕೊಳ್ಳುತ್ತಾರೆ. ಕಚೇರಿ ಸಮಯದ ಮೊದಲ ಭಾಗದಲ್ಲಿ ಮಾಡಿದರೆ ಅವರಿಗೂ ಆ ದಿನವೇ ಹೊಸ ಕಂಪನಿಯವರ ಜೊತೆ ಮಾತಾಡಲು ಸಮಯ ಇರುತ್ತದೆ. ಇಷ್ಟು ದಿನ ‘ಹೂಂ’ ಅಂದಿದ್ದನ್ನು ಸರಿಪಡಿಸಿಯೇ ಶುರು ಮಾಡಿ: ‘ನೀವು ಕೇಳಿದಾಗ ಎಲ್ಲ ಸರಿ ಇದೆ ಅಂದೆ. ಪೂರ್ತಿ ನಿಜ ಹೇಳಿರಲಿಲ್ಲ, ಕ್ಷಮಿಸಿ.’ ಒಂದು ಸಲ ಕ್ಷಮೆ ಸಾಕು. ಐದು ಸಲ ಕೇಳಿದರೆ ನೀವು ಆಗಲೇ ಇಲ್ಲ ಅನ್ನಲು ತೀರ್ಮಾನಿಸಿದ್ದೀರಿ ಅಂತ ಅವರು ತಿಳಿಯುತ್ತಾರೆ.

ಕರೆ ಮುಗಿದ ಮೇಲೆ ಅದನ್ನೇ ಮೇಲ್‌ನಲ್ಲಿ ಹಾಕಿ. ಇದು ಯಾಕೆ ಮುಖ್ಯ ಅಂದರೆ, ರಿಕ್ರೂಟರ್ ನಿಮ್ಮ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಏಜೆನ್ಸಿಯಿಂದ ಕಂಪನಿಯ ಎಚ್‌ಆರ್‌ಗೆ, ಅಲ್ಲಿಂದ ತಂಡದ ಮ್ಯಾನೇಜರ್‌ಗೆ. ಮೂರನೇ ಬಾಯಿಗೆ ಬರುವಷ್ಟರಲ್ಲಿ ‘ಯೋಚಿಸುತ್ತಿದ್ದಾರೆ’ ಅನ್ನುವುದು ‘ಬರುವುದಿಲ್ಲವಂತೆ’ ಆಗಿರುತ್ತದೆ. ಬರಹ ಇದ್ದರೆ ಅದನ್ನೇ ಮುಂದಕ್ಕೆ ಕಳಿಸುತ್ತಾರೆ. ನಿಮಗೆ ಹೊಂದುವ ಹಾಗೆ ತಿದ್ದಿಕೊಳ್ಳಲು ಒಂದು ಮಾದರಿ:

> ನಮಸ್ಕಾರ. ಫೋನ್‌ನಲ್ಲಿ ಮಾತಾಡಿದ ಹಾಗೆ, ನಾನು ರಾಜೀನಾಮೆ ಕೊಟ್ಟ ಮೇಲೆ ಈಗಿನ ಕಂಪನಿ ಕೌಂಟರ್ ಆಫರ್ ಕೊಟ್ಟಿದೆ. ನಾನು ಅದನ್ನು ಒಪ್ಪಿಲ್ಲ, ರಾಜೀನಾಮೆಯನ್ನೂ ಹಿಂದಕ್ಕೆ ಪಡೆದಿಲ್ಲ.
>
> ನನ್ನ ತೀರ್ಮಾನ ಮುಖ್ಯವಾಗಿ ಒಂದು ವಿಷಯದ ಮೇಲೆ ನಿಂತಿದೆ: ನಾನು ಹೊರಡಲು ಕಾರಣವಾಗಿದ್ದ (ಇಲ್ಲಿ ನಿಮ್ಮ ಕಾರಣ) ನಿಜವಾಗಿ ಬದಲಾಗುತ್ತದೆಯೇ ಎಂಬುದು. ಅದಕ್ಕೆ ಇಲ್ಲಿ ಬರಹದಲ್ಲಿ ಉತ್ತರ ಕೇಳಿದ್ದೇನೆ.
>
> ಶುಕ್ರವಾರ ಮಧ್ಯಾಹ್ನ 12 ಗಂಟೆಯೊಳಗೆ ಖಚಿತ ಉತ್ತರವನ್ನು ಫೋನ್ ಮಾಡಿ ತಿಳಿಸುತ್ತೇನೆ. ಅದಕ್ಕೆ ಮೊದಲೇ ಹೊಸ ಕಂಪನಿಗೆ ಉತ್ತರ ಬೇಕಿದ್ದರೆ ದಯವಿಟ್ಟು ತಿಳಿಸಿ.

ಕೊನೆಯ ಸಾಲನ್ನು ಬಿಡಬೇಡಿ. ಅವರ ಕಡೆ ಏನು ನಡೆಯುತ್ತಿದೆ ಅಂತ ನಿಮಗೆ ಗೊತ್ತಿಲ್ಲ. ನಿಮಗಾಗಿ ಲ್ಯಾಪ್‌ಟಾಪ್ ತರಿಸಿರಬಹುದು, ತರಬೇತಿಗೆ ಹೆಸರು ಕೊಟ್ಟಿರಬಹುದು, ಎರಡನೇ ಅಭ್ಯರ್ಥಿ ನಾಳೆಯವರೆಗೆ ಮಾತ್ರ ಕಾಯುತ್ತೇನೆ ಅಂದಿರಬಹುದು.

ಕಾರಣದ ಜಾಗದಲ್ಲಿ ಏನು ಬರೆಯುತ್ತೀರೋ ಅದು ಪರೀಕ್ಷೆ ಮಾಡಿ ನೋಡುವಂತಿರಬೇಕು. ‘ಬೆಳವಣಿಗೆ ಇದೆಯಾ ನೋಡುತ್ತೇನೆ’ ಅಂದರೆ ಅದಕ್ಕೆ ಶುಕ್ರವಾರದೊಳಗೆ ಉತ್ತರ ಸಿಗುವುದಿಲ್ಲ. ‘ತಂಡ ನಡೆಸುವ ಹುದ್ದೆಯನ್ನು ತಾರೀಖಿನ ಸಮೇತ ಬರೆದು ಕೊಡುತ್ತಾರಾ’ ಅಂದರೆ ಸಿಗುತ್ತದೆ. ನಿಮ್ಮ ಕಾರಣ ನಿಮ್ಮ ಮ್ಯಾನೇಜರ್ ನಡವಳಿಕೆಯೇ ಆಗಿದ್ದರೆ, ಅದನ್ನು ರಿಕ್ರೂಟರ್‌ಗೆ ವಿವರವಾಗಿ ಹೇಳಬೇಡಿ. ‘ಕೆಲಸದ ರೀತಿಗೆ ಸಂಬಂಧಿಸಿದ್ದು’ ಅಂದರೆ ಸಾಕು. ನಿಮ್ಮ ಮಟ್ಟಿಗೆ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಂಥ ಕಾರಣವನ್ನು ಯಾವ ಕೌಂಟರ್ ಆಫರ್ ತಾನೇ ಬದಲಿಸುತ್ತದೆ? ತಂಡ ಬದಲಿಸಿಕೊಟ್ಟರೆ ಬದಲಾಗಬಹುದು, ಹಣ ಕೊಟ್ಟರೆ ಇಲ್ಲ.

ರಿಕ್ರೂಟರ್ ಕಡೆಯಿಂದ ಒಂದಿಷ್ಟು ಒತ್ತಡ ಬರುತ್ತದೆ. ಅದಕ್ಕೆ ಸಿದ್ಧವಾಗಿರಿ. ‘ಕೌಂಟರ್ ಆಫರ್ ಒಪ್ಪಿದವರಲ್ಲಿ ನೂರಕ್ಕೆ ಎಂಬತ್ತು ಜನ ಆರು ತಿಂಗಳಲ್ಲಿ ಕೆಲಸ ಬಿಡುತ್ತಾರೆ’ ಅನ್ನುವ ಮಾತನ್ನು ಬಹುಶಃ ಕೇಳುತ್ತೀರಿ. ನಾನೂ ಹಿಂದೆ ಅಭ್ಯರ್ಥಿಗಳಿಗೆ ಹೇಳಿದ್ದೆ, ನನಗೆ ಕಲಿಸಿದವರು ಹೇಳಿದ್ದರು ಅಂತ. ಆಮೇಲೆ ಇದರ ಮೂಲ ಯಾವುದು ಅಂತ ಹಲವರನ್ನು ಕೇಳಿದೆ. ತೋರಿಸಿದವರು ಒಬ್ಬರೂ ಇಲ್ಲ. ಅದರ ಹಿಂದಿನ ತರ್ಕದಲ್ಲಿ ಮಾತ್ರ ಸತ್ಯ ಇದೆ: ಹೊರಡಲು ಕಾರಣವಾಗಿದ್ದು ಹಾಗೇ ಉಳಿದರೆ ಮತ್ತೆ ಹೊರಡಬೇಕಾಗುತ್ತದೆ. ನೀವು ನೋಡುತ್ತಿರುವುದೂ ಅದನ್ನೇ. ಹಾಗಾಗಿ ಅಂಕಿ ಬಗ್ಗೆ ವಾದಕ್ಕೆ ಇಳಿಯಬೇಡಿ, ‘ಅದನ್ನೇ ಪರೀಕ್ಷೆ ಮಾಡುತ್ತಿದ್ದೇನೆ’ ಅಂತ ಹೇಳಿ.

‘ಈಗಲೇ ಹೇಳಿ, ಇಲ್ಲದಿದ್ದರೆ ಆಫರ್ ಇರುವುದಿಲ್ಲ’ ಅಂದರೆ, ಅದು ಕಂಪನಿಯ ಮಾತಾ ಅಥವಾ ಏಜೆನ್ಸಿಯ ಮಾತಾ ಅಂತ ಮೆತ್ತಗೆ ಕೇಳಿ. ‘ಕಂಪನಿಯವರು ಹೇಳಿದ ಕೊನೆಯ ಸಮಯ ಯಾವುದು? ಅದನ್ನು ಮೇಲ್‌ನಲ್ಲಿ ಕಳಿಸುತ್ತೀರಾ?’ ಬಹಳಷ್ಟು ಸಲ ಆ ಗಡುವು ಇದ್ದಕ್ಕಿದ್ದ ಹಾಗೆ ಒಂದು ದಿನ ಹಿಗ್ಗುತ್ತದೆ. ಮೇಲ್ ಬಂದರೆ ಅದು ನಿಜವಾದ ಗಡುವು, ಅದಕ್ಕೆ ಬೆಲೆ ಕೊಡಿ.

ಹೊಸ ತಂಡದ ಮ್ಯಾನೇಜರ್ ಜೊತೆ ಮಾತಾಡಿಸುತ್ತೇನೆ ಅಂದರೆ ಒಪ್ಪಿಕೊಳ್ಳಿ. ಇದು ನಿಮಗೂ ಒಳ್ಳೆಯದು. ಹಳೆಯ ಕಡೆ ಯಾವ ಪ್ರಶ್ನೆ ಕೇಳಿದಿರೋ ಅದನ್ನೇ ಅಲ್ಲೂ ಕೇಳಿ. ಆ ಮಹಿಳೆ ಹೊಸ ತಂಡದವರನ್ನು ‘ನಿಮ್ಮಲ್ಲಿ ತಿಂಗಳ ಕೊನೆಯ ಲೆಕ್ಕವನ್ನು ಎಷ್ಟು ಜನ, ಎಷ್ಟು ದಿನದಲ್ಲಿ ಮುಗಿಸುತ್ತೀರಿ’ ಅಂತ ಕೇಳಿದರು. ಅಲ್ಲಿ ಮೂವರು ಇದ್ದರು, ಆದರೆ ಆ ಮೂವರಲ್ಲಿ ಒಂದು ಸ್ಥಾನ ಇವರದ್ದೇ. ಅಂದರೆ ಅವರು ಸೇರುವ ತನಕ ಅಲ್ಲೂ ಇಬ್ಬರೇ. ಸಂದರ್ಶನದಲ್ಲಿ ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

ಶುಕ್ರವಾರ ಅವರ ಹಳೆಯ ಕಂಪನಿಯಿಂದ ಉತ್ತರ ಬಂತು. ಎರಡಕ್ಕೆ ಅಲ್ಲ, ಒಂದು ಹುದ್ದೆಗೆ ಮಂಜೂರಾತಿ ಆಗಿತ್ತು. ಆ ಹುದ್ದೆಯ ಜಾಹೀರಾತು ಅವತ್ತೇ ಹೊರಬಿದ್ದಿತ್ತು. ಅದು ಅವರ ಕಣ್ಣಿಗೆ ಕಂಡ ಸಾಕ್ಷಿ. ಎರಡನೆಯದು ಮುಂದಿನ ಬಜೆಟ್‌ನಲ್ಲಿ ಅಂತ ಬರೆದಿದ್ದರು. ಅವರು ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಬ್ಬರು ಬಂದರೆ ರಾತ್ರಿ ಕೆಲಸ ತಪ್ಪುತ್ತದೆಯಾ ಅಂತಷ್ಟೇ ಯೋಚಿಸಿದರು. ತಪ್ಪುತ್ತದೆ ಅನ್ನಿಸಿತು. ಉಳಿದುಕೊಂಡರು.

ಮಧ್ಯಾಹ್ನಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ ನನಗೆ ಫೋನ್ ಬಂತು. ಫೀ ಹೋಯಿತು, ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಎರಡನೇ ಅಭ್ಯರ್ಥಿ ಇನ್ನೂ ಕೈಯಲ್ಲಿದ್ದರು, ಮುಂದಿನ ವಾರವೇ ಒಪ್ಪಿಕೊಂಡರು. ಉತ್ತರ ಬಂದದ್ದು ಸೋಮವಾರವಾಗಿದ್ದರೆ ಇದು ಆಗುತ್ತಿರಲಿಲ್ಲ.

ಎಷ್ಟು ದಿನ ಕೇಳಬೇಕು ಅಂತ ಇದರಿಂದಲೇ ಅಂದಾಜಾಗುತ್ತದೆ. ಎರಡರಿಂದ ಮೂರು ಕೆಲಸದ ದಿನ. ಒಂದು ವಾರ ಅಂದರೆ ಅವರು ನಿಮ್ಮನ್ನು ಬಿಟ್ಟು ಮುಂದೆ ಹೋಗಲು ಶುರು ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹಳೆಯ ಕಂಪನಿ ಅಷ್ಟರಲ್ಲಿ ಬರಹ ಕೊಡದಿದ್ದರೆ ಅದನ್ನೂ ಉತ್ತರ ಅಂತಲೇ ತೆಗೆದುಕೊಳ್ಳಿ. ರಾಜೀನಾಮೆ ಕೊಟ್ಟ ಬಿಸಿಯಲ್ಲೇ ಒಂದು ಪತ್ರ ಹೊರಡಿಸಲು ಆಗದವರು ಆರು ತಿಂಗಳ ನಂತರದ ಭರವಸೆ ಹೇಗೆ ಉಳಿಸುತ್ತಾರೆ?

ತೀರ್ಮಾನ ಆದ ಮೇಲೆ ಅನುಸರಿಸುವ ಕ್ರಮದಲ್ಲಿ ಜನ ಎಡವುತ್ತಾರೆ. ಹೋಗುವುದಾದರೆ ಮೊದಲು ಈಗಿನ ಮ್ಯಾನೇಜರ್‌ಗೆ ‘ಯೋಚಿಸಿದೆ, ಕೌಂಟರ್ ಆಫರ್ ಒಪ್ಪುತ್ತಿಲ್ಲ, ಕೊನೆಯ ದಿನ ಇಂಥದ್ದೇ’ ಅಂತ ಬರೆದು ತಿಳಿಸಿ. ಆಮೇಲೆ ರಿಕ್ರೂಟರ್‌ಗೆ ಫೋನ್ ಮಾಡಿ, ‘ಇಲ್ಲಿ ಬರೆದು ಕೊಟ್ಟಾಗಿದೆ’ ಅಂತ ಹೇಳಿ. ಆ ಒಂದು ವಾಕ್ಯ ಕೇಳಿದರೆ ಅವರ ದಿನನಿತ್ಯದ ಮೆಸೇಜ್ ತಾನಾಗಿ ಕಡಿಮೆಯಾಗುತ್ತದೆ. ಮ್ಯಾನೇಜರ್ ಎರಡನೇ ಸಲ ಕರೆದು ಇನ್ನೂ ಜಾಸ್ತಿ ಕೊಡುತ್ತೇನೆ ಅಂದರೆ ಮತ್ತೆ ಬಾಗಿಲು ತೆರೆಯಬೇಡಿ.

ಉಳಿಯುವುದಾದರೆ ಕ್ರಮ ಬದಲಾಗುತ್ತದೆ, ಇಲ್ಲಿ ಹುಷಾರಾಗಿರಬೇಕು. ನಿಮ್ಮ ರಾಜೀನಾಮೆ ಇನ್ನೂ ಜಾರಿಯಲ್ಲಿದೆ. ಮೊದಲು ಕೌಂಟರ್ ಆಫರ್ ಸಹಿಯಾದ ಪತ್ರವಾಗಿ ಕೈಗೆ ಬರಲಿ. ಆಮೇಲೆ ರಾಜೀನಾಮೆ ಹಿಂದಕ್ಕೆ ಪಡೆಯುತ್ತೇನೆ ಅಂತ ನೀವು ಬರೆಯಿರಿ. ಅದನ್ನು ಸ್ವೀಕರಿಸಿದ್ದೇವೆ ಅಂತ ಎಚ್‌ಆರ್‌ನಿಂದ ಉತ್ತರ ಬರಲಿ. ಈ ಮೂರೂ ಆದ ಮೇಲೆ ಮಾತ್ರ ರಿಕ್ರೂಟರ್‌ಗೆ ಇಲ್ಲ ಅನ್ನಿ. ಮ್ಯಾನೇಜರ್ ಬಾಯಿಮಾತು ನಂಬಿ ಹೊಸ ಕೆಲಸ ಬಿಟ್ಟವರ ರಾಜೀನಾಮೆ, ಕಾಗದದಲ್ಲಿ ಹಾಗೇ ಮುಂದುವರಿದು ತೊಂದರೆಯಾಗಿದ್ದು ನನಗೆ ಗೊತ್ತು. ಈ ಕಾಗದಗಳಿಗೆ ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ಅದನ್ನೂ ಸೇರಿಸಿಕೊಂಡೇ ಗಡುವು ಹೇಳಿ.

ಇಲ್ಲ ಅನ್ನುವ ಕರೆ ಎರಡು ನಿಮಿಷಕ್ಕಿಂತ ಉದ್ದ ಬೇಡ. ‘ಉಳಿಯಲು ತೀರ್ಮಾನಿಸಿದ್ದೇನೆ. ಮೊನ್ನೆ ಹೇಳಿದ ಆ ವಿಷಯ ಇಲ್ಲಿ ಬರಹದಲ್ಲಿ ಬದಲಾಯಿತು. ಒಪ್ಪಿಗೆ ಕೊಟ್ಟು ಹಿಂದೆ ಸರಿದಿದ್ದಕ್ಕೆ ಕ್ಷಮಿಸಿ. ಈ ತೀರ್ಮಾನ ಮತ್ತೆ ಬದಲಾಗುವುದಿಲ್ಲ, ನೀವು ಬೇರೆಯವರನ್ನು ಕರೆಯಬಹುದು.’ ಕೊನೆಯ ವಾಕ್ಯ ಅವರಿಗೆ ಎಲ್ಲಕ್ಕಿಂತ ಉಪಯೋಗದ್ದು. ಅದನ್ನು ಕೇಳಿದ ಮೇಲೆಯೇ ಅವರು ಇನ್ನೊಬ್ಬರಿಗೆ ಫೋನ್ ಮಾಡುವುದು. ಕರೆ ಆದ ಮೇಲೆ ಹೊಸ ಕಂಪನಿಗೂ ಒಂದು ಚಿಕ್ಕ ಮೇಲ್ ಬರೆದು ರಿಕ್ರೂಟರ್‌ಗೆ ಪ್ರತಿ ಹಾಕಿ. ಅವರು ಏನಾದರೂ ಕಳಿಸಿದ್ದರೆ, ಲ್ಯಾಪ್‌ಟಾಪ್ ಆಗಲಿ ಗುರುತಿನ ಚೀಟಿ ಆಗಲಿ, ಎಲ್ಲಿಗೆ ವಾಪಸ್ ಕಳಿಸಬೇಕು ಅಂತ ಆ ಮೇಲ್‌ನಲ್ಲೇ ಕೇಳಿ.